ಸರಾಗವಾಗಿ ಓದಿಸಿಕೊಳ್ಳುವ ತಪ್ಪುಗಳು

ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ‘ಸುವಾಸ್’ ಎಂಬ ಅನುವಾದ ತಂತ್ರಾಂಶವನ್ನು ಬಳಕೆಗೆ ತಂದಿತು. ಇಂಗ್ಲಿಷ್ ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ತಿರುಗಿಸಲು ಸಿದ್ಧವಾದ ಈ ವ್ಯವಸ್ಥೆಯಲ್ಲಿ ಮೊದಲಿನಿಂದಲೂ ಕನ್ನಡವಿದೆ. ಹೀಗೆ ಅನುವಾದವಾದ ತೀರ್ಪಿನ ಜೊತೆಗೆ ಒಂದು ಷರಾ ಇರುತ್ತದೆ: ಈ ಪಾಠ ಕಕ್ಷಿದಾರರು ತಮ್ಮ ಭಾಷೆಯಲ್ಲಿ ತೀರ್ಪನ್ನು ತಿಳಿದುಕೊಳ್ಳುವುದಕ್ಕೆ ಮಾತ್ರ, ಜಾರಿಗೊಳಿಸುವಿಕೆ ಮುಂತಾದ ಅಧಿಕೃತ ಕೆಲಸಗಳಿಗೆಲ್ಲ ಇಂಗ್ಲಿಷ್ ಪಾಠವೇ ಪ್ರಮಾಣ. ಷರಾ ಸರಿಯೇ. ಆದರೆ ಕನ್ನಡ ಮಾತ್ರ ಬಲ್ಲ ಕಕ್ಷಿದಾರ ಹಣ ಹೊಂದಿಸುವುದು, ವಕೀಲರ ಬಳಿಗೆ ಓಡುವುದು, ಸುಮ್ಮನೆ ಕೂರುವುದು ಎಲ್ಲವೂ ಅವನು ಓದಿದ ಪಾಠದ ಮೇಲೆ ನಿಂತಿರುತ್ತದೆ. ಆದ್ದರಿಂದ ಯಂತ್ರ ಕೊಟ್ಟ ಕರಡನ್ನು ಮೂಲದೊಂದಿಗೆ ಹೋಲಿಸಿ ತಿದ್ದುವ ಪರಿಷ್ಕಾರಕರ ಕೆಲಸ ಸಣ್ಣದಲ್ಲ. ಈ ಕೆಲಸಕ್ಕೆ ಐಎಸ್ಒ 18587 ಎಂಬ ಅಂತರರಾಷ್ಟ್ರೀಯ ಮಾನದಂಡವೂ 2017ರಿಂದ ಇದೆ.

ಯಂತ್ರಾನುವಾದದ ತಪ್ಪು ಎಂದ ಕೂಡಲೇ ನೆನಪಾಗುವುದು ನಗೆಪಾಟಲಿನ ಸಾಲುಗಳು. ಮೇಲ್ಮನವಿಗೆ ನ್ಯಾಯಾಲಯ ಕೊಟ್ಟ ಅನುಮತಿ, ಅಂದರೆ ಇಂಗ್ಲಿಷಿನ ‘ಲೀವ್’, ‘ರಜೆ ಮಂಜೂರು’ ಆಗಿಬಿಡುವಂಥವು. ಅವುಗಳಿಂದ ಅಪಾಯ ಕಡಿಮೆ, ಏಕೆಂದರೆ ನಿದ್ದೆಗಣ್ಣಿನಲ್ಲಿ ಓದಿದರೂ ಅವು ಕಣ್ಣಿಗೆ ಚುಚ್ಚುತ್ತವೆ. ಕಣ್ತಪ್ಪಿಸಿಕೊಂಡು ಹೋಗುವುದು ಅಚ್ಚುಕಟ್ಟಾದ ಕನ್ನಡದಲ್ಲಿರುವ ತಪ್ಪು. ಹಳೆಯ ಅನುವಾದ ಯಂತ್ರಗಳು ಪದಗಳನ್ನೂ ಪದಗುಚ್ಛಗಳನ್ನೂ ತುಂಡು ತುಂಡಾಗಿ ಜೋಡಿಸುತ್ತಿದ್ದುದರಿಂದ ಎಡವಿದ ಜಾಗದಲ್ಲಿ ವಾಕ್ಯವೂ ಮುರಿಯುತ್ತಿತ್ತು, ಮುರಿದ ವಾಕ್ಯವೇ ಎಚ್ಚರಿಕೆಯಾಗುತ್ತಿತ್ತು. ಈಗಿನ ನರಜಾಲ ಆಧಾರಿತ ಯಂತ್ರಗಳು ಮೂಲ ವಾಕ್ಯವನ್ನು ಸಂಖ್ಯೆಗಳ ಸರಣಿಯಾಗಿಸಿಕೊಂಡು, ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದ ಮೇಲೆ ಕನ್ನಡ ವಾಕ್ಯವನ್ನು ಪದಪದವಾಗಿ ಕಟ್ಟುತ್ತವೆ. ಕಲಿತ ಪಠ್ಯದಲ್ಲಿ ಹೆಚ್ಚು ಸಲ ಕಂಡ ಜಾಡಿನತ್ತ ಅವು ವಾಲುತ್ತವೆ. ಹಾಗಾಗಿ ಅರ್ಥ ತಪ್ಪಿದಾಗಲೂ ವಾಕ್ಯ ನೆಟ್ಟಗೆ ನಿಂತಿರುತ್ತದೆ.

ಒಂದು ಮಾದರಿ ಪ್ರಕರಣವನ್ನು ಇಟ್ಟುಕೊಂಡು ನೋಡೋಣ. ಜಮೀನು ಮಾರಿದವನಿಗೆ ಬಾಕಿ ಹಣ ಬಂದಿಲ್ಲ. ಅವನು ದಾವೆ ಹೂಡುತ್ತಾನೆ, ಅವನು ವಾದಿ. ಕೊಂಡವನು ಪ್ರತಿವಾದಿ. ಕೆಳ ನ್ಯಾಯಾಲಯದಲ್ಲಿ ವಾದಿಯ ಪರ ಡಿಕ್ರಿಯಾಗುತ್ತದೆ. ಸೋತ ಪ್ರತಿವಾದಿ ಹೈಕೋರ್ಟಿಗೆ ಹೋಗುತ್ತಾನೆ. ಅಲ್ಲಿ ಅವನು ಮೇಲ್ಮನವಿದಾರ, ಗೆದ್ದಿದ್ದ ವಾದಿ ಈಗ ಎದುರುದಾರ. ಹೈಕೋರ್ಟಿನ ಆದೇಶದ ಕೊನೆಯ ಸಾಲಿನ ಯಂತ್ರಾನುವಾದ ಹೀಗಿದೆ ಎಂದುಕೊಳ್ಳಿ:

“ಮೇಲ್ಮನವಿದಾರನು ಬಾಕಿ ಮೊತ್ತ 4,80,000 ರೂಪಾಯಿಗಳನ್ನು ಈ ಆದೇಶದ ದಿನಾಂಕದಿಂದ 30 ದಿನಗಳೊಳಗೆ ಠೇವಣಿ ಮಾಡತಕ್ಕದ್ದು, ತಪ್ಪಿದಲ್ಲಿ ಪ್ರತಿವಾದಿಯು ಡಿಕ್ರಿಯನ್ನು ಅಮಲ್ಜಾರಿ ಮಾಡಿಸಿಕೊಳ್ಳಬಹುದು.”

ಕೇಳುವುದಕ್ಕೆ ಇದು ಕಚೇರಿ ಕನ್ನಡವೇ. ಮೊತ್ತ ಸರಿ, ದಿನಗಳ ಸಂಖ್ಯೆ ಸರಿ. ಆದರೂ ಎರಡು ಕಡೆ ಕೆಟ್ಟಿದೆ. ಇಂಗ್ಲಿಷಿನಲ್ಲಿ ಮೂವತ್ತು ದಿನಗಳ ಲೆಕ್ಕ ಶುರುವಾಗುವುದು ಆದೇಶದ ದಿನಾಂಕದಿಂದ ಅಲ್ಲ, ಆದೇಶದ ದೃಢೀಕೃತ ನಕಲು ಕೈಸೇರಿದ ದಿನದಿಂದ. ಒಂದರೊಳಗೊಂದು ಸೇರಿದ ನಾಮಪದಗಳ ಆ ಸರಪಳಿಯಲ್ಲಿ ನಡುವಿನ ಕೊಂಡಿಗಳು ಬಿದ್ದುಹೋಗಿ, ಎಲ್ಲೆಲ್ಲೂ ಕಾಣುವ ‘ಆದೇಶದ ದಿನಾಂಕದಿಂದ’ ಎಂಬ ಮಾತು ಉಳಿದಿದೆ. ನಕಲು ಸಿಗಲು ಮೂರು ವಾರ ಹಿಡಿದರೆ, ಹಣ ಹೊಂದಿಸಲು ತನಗೆ ಇನ್ನು ಒಂಬತ್ತೇ ದಿನ ಉಳಿದಿದೆ ಎಂದು ಕೊಂಡವನು ತಿಳಿಯುತ್ತಾನೆ. ನಿಜಕ್ಕೂ ಅವನಿಗೆ ಪೂರ್ತಿ ಮೂವತ್ತು ದಿನ ಇರುತ್ತದೆ.

ಎರಡನೆಯ ತಪ್ಪು ಇನ್ನೂ ಗಂಭೀರ. ಇಂಗ್ಲಿಷಿನಲ್ಲಿ ಇರುವುದು ‘ರೆಸ್ಪಾಂಡೆಂಟ್’. ಅದಕ್ಕೆ ಪ್ರತಿವಾದಿ ಎಂದು ಬರೆಯುವ ರೂಢಿ ಇದೆ, ‘ಡಿಫೆಂಡೆಂಟ್’ ಎಂಬುದಕ್ಕೂ ಪ್ರತಿವಾದಿ ಎಂದೇ ಬರೆಯುತ್ತೇವೆ. ಆದರೆ ಈ ತೀರ್ಪಿನ ಕಥಾಭಾಗದುದ್ದಕ್ಕೂ ಪ್ರತಿವಾದಿ ಎಂದರೆ ಹಣ ಕೊಡಬೇಕಾದವನು. ಕೊನೆಯ ಸಾಲಿನಲ್ಲಿ ಆ ಹೆಸರು ಹಣ ಪಡೆಯಬೇಕಾದವನಿಗೆ ಅಂಟಿಕೊಂಡಿದೆ. ಯಂತ್ರಗಳು ಬಹುಮಟ್ಟಿಗೆ ವಾಕ್ಯವನ್ನು ಬಿಡಿಬಿಡಿಯಾಗಿ ತಿರುಗಿಸುವುದರಿಂದ ಹತ್ತು ಪುಟದ ಹಿಂದೆ ಈ ಹೆಸರು ಯಾರಿಗೆ ಸಂದಿತ್ತು ಎಂಬುದು ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ಪರಿಷ್ಕಾರಕರಿಗೂ ಇದು ಸಿಗುವುದಿಲ್ಲ, ಏಕೆಂದರೆ ಅವರೂ ಈ ವಾಕ್ಯವನ್ನು ಇದರ ಮೂಲವಾಕ್ಯದ ಜೊತೆಗಷ್ಟೇ ಹೋಲಿಸುತ್ತಾರೆ. ಬಿಡಿಯಾಗಿ ನೋಡಿದರೆ ಅನುವಾದ ಸರಿಯೇ ಇದೆ! ಇದಕ್ಕೆ ಇರುವ ಉಪಾಯ ಒಂದೇ: ತಿದ್ದಲು ಕೂರುವ ಮೊದಲು ತೀರ್ಪಿನ ಶೀರ್ಷಿಕೆ ನೋಡಿ, ಯಾರು ಯಾರು, ಯಾವ ಹಂತದಲ್ಲಿ ಏನಾಗಿದ್ದರು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಪ್ರತಿಯೊಬ್ಬರಿಗೂ ಕೊನೆಯವರೆಗೆ ಬದಲಾಗದ ಒಂದು ಹೆಸರನ್ನು ಗೊತ್ತುಮಾಡುವುದು.

ಇನ್ನೊಂದು ತಪ್ಪಿಗೆ ಕನ್ನಡದ ವಾಕ್ಯರಚನೆಯೇ ಎಡೆ ಮಾಡಿಕೊಡುತ್ತದೆ. ಇಂಗ್ಲಿಷ್ ಕರಾರಿನಲ್ಲಿ ‘ಶಲ್ ನಾಟ್’ ವಾಕ್ಯದ ಆರಂಭದಲ್ಲೇ ಬಂದುಬಿಡುತ್ತದೆ. ಕನ್ನಡದಲ್ಲಿ ನಿಷೇಧ ಕಟ್ಟಕಡೆಯ ಪದದ ತುದಿಯಲ್ಲಿರುತ್ತದೆ. ‘ಮಾಡತಕ್ಕದ್ದು’, ‘ಮಾಡತಕ್ಕದ್ದಲ್ಲ’ ಇವೆರಡರ ನಡುವೆ ಇರುವುದು ಒಂದು ‘ಅಲ್ಲ’ ಮಾತ್ರ. ಬಾಡಿಗೆದಾರ ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಒಳಬಾಡಿಗೆಗೆ ಕೊಡುವುದು, ಗೋಡೆ ಒಡೆಯುವುದು, ವ್ಯಾಪಾರಕ್ಕೆ ಬಳಸುವುದು ಎಂದು ಐವತ್ತು ಪದ ದಾಟಿದ ಮೇಲೆ ಬರುವ ಆ ತುದಿಯನ್ನು ಓದುವ ಹೊತ್ತಿಗೆ ಪರಿಷ್ಕಾರಕರ ಮನಸ್ಸು ವಾಕ್ಯವನ್ನು ತಾನೇ ಮುಗಿಸಿರುತ್ತದೆ. ಇಂಗ್ಲಿಷಿನಲ್ಲಿ ನಿಷೇಧವನ್ನು ಈಗಷ್ಟೇ ಕಂಡಿದ್ದೇವಲ್ಲ, ಕನ್ನಡದಲ್ಲಿ ಅದು ಇಲ್ಲದಿದ್ದರೂ ಇದ್ದಂತೆಯೇ ಓದಿಕೊಳ್ಳುತ್ತೇವೆ.

ಅದೇ ವಾಕ್ಯದಲ್ಲಿ ‘ಅನ್‌ಲೆಸ್’ ಸೇರಿದರೆ ತೊಡಕು ಹೆಚ್ಚುತ್ತದೆ. ‘ಒಪ್ಪಿಗೆ ಪಡೆದ ಹೊರತು ಕೊಡತಕ್ಕದ್ದಲ್ಲ’, ‘ಒಪ್ಪಿಗೆ ಪಡೆಯದ ಹೊರತು ಕೊಡತಕ್ಕದ್ದಲ್ಲ’ ಎರಡೂ ಕನ್ನಡದಲ್ಲಿ ಬಳಕೆಯಲ್ಲಿವೆ, ಎರಡಕ್ಕೂ ಒಂದೇ ಅರ್ಥವನ್ನು ಹೇಳುತ್ತೇವೆ. ಹೀಗೆ ಕಿವಿ ಎರಡನ್ನೂ ಒಪ್ಪುವುದರಿಂದ, ನಿಷೇಧ ಒಂದು ಹೆಚ್ಚಾದರೂ ಕಡಿಮೆಯಾದರೂ ಕಿವಿ ದೂರುವುದಿಲ್ಲ. ಇಂಥಲ್ಲಿ ನಾನು ‘ಹೊರತು’ವನ್ನೇ ಕೈಬಿಟ್ಟು ‘ಒಪ್ಪಿಗೆ ಪಡೆಯದೆ ಕೊಡತಕ್ಕದ್ದಲ್ಲ’ ಎಂದು ಬರೆಯುತ್ತೇನೆ. ಒಂದು ನಿಷೇಧ ಷರತ್ತಿಗೆ, ಇನ್ನೊಂದು ಕ್ರಿಯೆಗೆ. ಎಣಿಸಿ ನೋಡಬಹುದು.

ಎಣಿಕೆಯನ್ನು ಬರಿಯ ಮಾತಿಗೆ ಹೇಳುತ್ತಿಲ್ಲ. ಯಂತ್ರದ ಕನ್ನಡವನ್ನು ಮೊದಲು ಓದಿ ಆಮೇಲೆ ಇಂಗ್ಲಿಷಿನತ್ತ ಕಣ್ಣು ಹಾಯಿಸುವ ಅಭ್ಯಾಸ ಬಹಳ ಜನರಿಗಿದೆ, ಅದರಿಂದ ಕೆಲಸ ಬೇಗ ಸಾಗುತ್ತದೆ. ಆದರೆ ಕನ್ನಡ ಒಂದು ಅರ್ಥವನ್ನು ಮೊದಲೇ ಕೊಟ್ಟುಬಿಟ್ಟರೆ ಇಂಗ್ಲಿಷಿನಲ್ಲಿ ಅದನ್ನೇ ಕಾಣುತ್ತೇವೆ. ಕಾನೂನು ಪತ್ರದ ಮಟ್ಟಿಗೆ ಈ ಕ್ರಮವನ್ನು ತಿರುಗಿಸಲೇಬೇಕು. ಕನ್ನಡವನ್ನು ಮುಚ್ಚಿಟ್ಟು ಮೂಲದ ವಾಕ್ಯ ಓದಿ, ಅದರಲ್ಲಿರುವ ನಿಷೇಧ, ಷರತ್ತು, ಅಂಕಿ, ಹೆಸರುಗಳಿಗೆ ಗೆರೆ ಎಳೆದು, ಆಮೇಲೆ ಕನ್ನಡದಲ್ಲಿ ಒಂದೊಂದನ್ನೂ ಹುಡುಕಿ ಗುರುತು ಹಾಕಬೇಕು. ಗೆರೆ ಬಿದ್ದು ಗುರುತು ಬೀಳದ ಜಾಗದಲ್ಲಿ ಏನೋ ಕಳೆದಿದೆ. ನಕಲು ಕೈಸೇರಿದ ದಿನದ ಷರತ್ತು ಸಿಕ್ಕಿಬೀಳುವುದು ಹೀಗೆಯೇ. ಕನ್ನಡವನ್ನಷ್ಟೇ ಎಷ್ಟು ಸಲ ಓದಿದರೂ ಅದು ಸಿಗುವುದಿಲ್ಲ.

ಆದರೆ ಈ ಎಣಿಕೆಗೂ ಸಿಗದ ಒಂದು ಬಗೆಯಿದೆ. ‘ನಗರಸಭೆ ವ್ಯಾಪ್ತಿಯಲ್ಲಿರುವ’ ಎಂಬ ವಿಶೇಷಣ ಇಂಗ್ಲಿಷಿನಲ್ಲಿ ‘ಕಟ್ಟಡಗಳು ಮತ್ತು ಜಮೀನುಗಳು’ ಎಂಬುದರ ಹಿಂದೆ, ಕೊನೆಯಲ್ಲಿ ಬರುತ್ತದೆ. ಆದ್ದರಿಂದ ಅದು ಎರಡಕ್ಕೂ ಸಲ್ಲಬಹುದು ಅಥವಾ ಹತ್ತಿರದ ಜಮೀನುಗಳಿಗೆ ಮಾತ್ರ ಸಲ್ಲಬಹುದು. ಕನ್ನಡದಲ್ಲಿ ವಿಶೇಷಣ ಮುಂದಕ್ಕೆ ಬರುತ್ತದೆ: ‘ನಗರಸಭೆ ವ್ಯಾಪ್ತಿಯಲ್ಲಿರುವ ಕಟ್ಟಡಗಳು ಮತ್ತು ಜಮೀನುಗಳು’. ಈಗ ಅದು ಎರಡಕ್ಕೂ ಸಲ್ಲಬಹುದು ಅಥವಾ ಕಟ್ಟಡಗಳಿಗೆ ಮಾತ್ರ ಸಲ್ಲಬಹುದು. ಒಂದು ಪದವೂ ಬಿಟ್ಟುಹೋಗಿಲ್ಲ, ಸೇರಿಯೂ ಇಲ್ಲ, ಆದರೆ ಸಂದಿಗ್ಧ ಪಕ್ಕ ಬದಲಿಸಿದೆ. ಮೂಲದಲ್ಲಿ ಇದ್ದ ಒಂದು ಓದು ಕನ್ನಡದಲ್ಲಿ ಅಸಾಧ್ಯವಾಗಿದೆ, ಮೂಲದಲ್ಲಿ ಇಲ್ಲದ ಓದೊಂದು ಹುಟ್ಟಿದೆ.

ಇದನ್ನು ಬಿಡಿಸಿ ಬರೆಯುವುದು ಕಷ್ಟವಲ್ಲ. ಎರಡಕ್ಕೂ ಸಲ್ಲುವುದಾದರೆ ‘ಕಟ್ಟಡಗಳಾಗಲಿ ಜಮೀನುಗಳಾಗಲಿ, ನಗರಸಭೆ ವ್ಯಾಪ್ತಿಯಲ್ಲಿರುವವು’ ಎನ್ನಬಹುದು. ಜಮೀನಿಗೆ ಮಾತ್ರವಾದರೆ ‘ಕಟ್ಟಡಗಳು ಮತ್ತು ನಗರಸಭೆ ವ್ಯಾಪ್ತಿಯಲ್ಲಿರುವ ಜಮೀನುಗಳು’ ಎಂದರೆ ಸಾಕು. ಆದರೆ ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವ ಅಧಿಕಾರ ಪರಿಷ್ಕಾರಕರಿಗಿಲ್ಲ. ಪತ್ರದ ಬೇರೆ ಭಾಗದಿಂದ ಉತ್ತರ ಸಿಗದಿದ್ದರೆ, ಮೂಲದಲ್ಲಿ ಈ ಎರಡು ಓದುಗಳಿಗೆ ಅವಕಾಶವಿದೆ ಎಂದು ಅಂಚಿನಲ್ಲಿ ಟಿಪ್ಪಣಿ ಬರೆದು ಕಡತವನ್ನು ವಕೀಲರಿಗೆ ಹಿಂದಿರುಗಿಸಬೇಕು.