ಪೋಸ್ಟಿಂಗ್ ಡೇಟ್: ಕಾರ್ಡ್ ಉಜ್ಜಿದ ದಿನವಲ್ಲ, ಲೆಕ್ಕಕ್ಕೆ ಬಿದ್ದ ದಿನ

ವಿದೇಶದಲ್ಲಿ ಮಾಡಿದ ಖರೀದಿಗೆ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಎರಡು ದಿನಾಂಕ ಕಾಣುತ್ತವೆ. ಒಂದು ಟ್ರಾನ್ಸಾಕ್ಷನ್ ಡೇಟ್, ಅಂದರೆ ಅಂಗಡಿಯಲ್ಲಿ ಕಾರ್ಡ್ ಉಜ್ಜಿದ ದಿನ. ಇನ್ನೊಂದು ಪೋಸ್ಟಿಂಗ್ ಡೇಟ್. ದಿನವಹಿಯಲ್ಲಿ ಬರೆದದ್ದನ್ನು ಖಾತೆಗೆ ಏರಿಸುವುದಕ್ಕೆ ಲೆಕ್ಕಿಗರು ‘ಪೋಸ್ಟಿಂಗ್’ ಎನ್ನುತ್ತಿದ್ದರು. ಆ ಮಾತೇ ಇಲ್ಲಿಗೂ ಬಂದಿದೆ. ಬ್ಯಾಂಕು ಆ ಖರ್ಚನ್ನು ನಿಮ್ಮ ಖಾತೆಗೆ ಏರಿಸಿದ ದಿನ ಅದು. ಇದನ್ನೇ ಕೆಲವರು ಬಿಲ್ಲಿಂಗ್ ಡೇಟ್ ಎನ್ನುವುದುಂಟು. ಆದರೆ ತಿಂಗಳಿಗೊಮ್ಮೆ ಬಿಲ್ ಬರುವ ದಿನಕ್ಕೂ ವಿನಿಮಯ ದರಕ್ಕೂ ಯಾವ ಸಂಬಂಧವೂ ಇಲ್ಲ.

ಉಜ್ಜಿದ ತಕ್ಷಣ ಮೊಬೈಲಿಗೆ ಬರುವ ಮೊತ್ತ ಕೇವಲ ತಡೆಹಿಡಿದ ಹಣ. ‘ಇಷ್ಟು ಮಿತಿ ಇದೆ, ಕೊಡಬಹುದು’ ಎಂದು ಬ್ಯಾಂಕು ಒಪ್ಪಿಗೆ ಕೊಟ್ಟಿರುತ್ತದೆ, ಅಷ್ಟೇ. ಆಮೇಲೆ ಅಂಗಡಿಯವರ ಬ್ಯಾಂಕು ಆ ದಿನದ ವ್ಯಾಪಾರದ ಲೆಕ್ಕವನ್ನು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಕ್ಕೆ ಕಳಿಸಬೇಕು. ಅದಕ್ಕೆ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅನೇಕ ಖರೀದಿಗಳಲ್ಲಿ ಜಾಲವು ಅದನ್ನು ಇತ್ಯರ್ಥ ಮಾಡುವ, ಅಂದರೆ ಎರಡು ಬ್ಯಾಂಕುಗಳ ನಡುವೆ ಲೆಕ್ಕ ತೀರಿಸುವ ದಿನದ ವಿನಿಮಯ ದರವನ್ನೇ ಹಿಡಿಯುತ್ತದೆ. ಆ ದಿನ ಪೋಸ್ಟಿಂಗ್ ಡೇಟಿಗೆ ತೀರ ಹತ್ತಿರವಿರುತ್ತದೆ. ಮೊಬೈಲಿನಲ್ಲಿ ಕಂಡ ಮೊತ್ತವೂ ಬಿಲ್ಲಿನ ಮೊತ್ತವೂ ತಾಳೆಯಾಗದಿರುವುದು ಇದರಿಂದಲೇ.

ಇಲ್ಲಿಯವರೆಗಿನದು ಚಿಲ್ಲರೆ ವ್ಯತ್ಯಾಸ. ತಲೆನೋವು ಶುರುವಾಗುವುದು ಕೊಂಡ ವಸ್ತುವನ್ನು ಹಿಂದಿರುಗಿಸಿದಾಗ. ರೀಫಂಡ್ ಎಂದರೆ ಹಳೆಯ ಖರೀದಿಯನ್ನು ಅಳಿಸಿಹಾಕುವುದು ಎಂದು ನಾವು ಅಂದುಕೊಂಡಿರುತ್ತೇವೆ. ಕಾರ್ಡಿನ ಲೆಕ್ಕದಲ್ಲಿ ಅದು ಹೊಸದೇ ಒಂದು ವ್ಯವಹಾರ, ದಿಕ್ಕು ಮಾತ್ರ ಉಲ್ಟಾ. ಅದಕ್ಕೆ ಅದರದೇ ದಿನಾಂಕ, ಅದರದೇ ದರ.

ಒಂದು ಲೆಕ್ಕ ನೋಡೋಣ. ದರಗಳು ಉದಾಹರಣೆಗೆ ಮಾತ್ರ. ಡಾಲರಿನಲ್ಲಿ ಬಿಲ್ ಆಗುವ ಕಾರ್ಡಿನಿಂದ 3ನೇ ತಾರೀಕು 200 ಯೂರೋದ ಕೋಟು ಕೊಂಡಿರಿ. ಅಂದು ಯೂರೋಗೆ 1.10 ಡಾಲರ್, ಹಾಗಾಗಿ ಮೊಬೈಲಿನಲ್ಲಿ 220 ಕಂಡಿತು. ಖರ್ಚು ಪೋಸ್ಟ್ ಆದದ್ದು 6ಕ್ಕೆ, 1.11ರ ದರದಲ್ಲಿ: 222 ಡಾಲರ್. ಅದರ ಮೇಲೆ ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕ 3% ಎಂದಿಟ್ಟುಕೊಳ್ಳಿ, 6.66. ಒಟ್ಟು 228.66. ಅಳತೆ ಸರಿಹೋಗದೆ 14ಕ್ಕೆ ವಾಪಸ್ ಕೊಟ್ಟಿರಿ. ಅಂಗಡಿಯವರು ಪ್ರಾಮಾಣಿಕವಾಗಿ ಪೂರ್ತಿ 200 ಯೂರೋ ಮರಳಿಸಿದರು. ಅದು ಇತ್ಯರ್ಥವಾದದ್ದು 18ಕ್ಕೆ, ಆ ಹೊತ್ತಿಗೆ ದರ 1.08. ಜಮೆಯಾದದ್ದು 216.

ಕೋಟು ಕೈಯಲ್ಲಿಲ್ಲ, 12.66 ಡಾಲರ್ ಜೇಬಿನಿಂದ ಹೋಯಿತು. ಇದರಲ್ಲಿ 6 ಡಾಲರ್ ದರ ಇಳಿದದ್ದರಿಂದ, ಉಳಿದ 6.66 ಶುಲ್ಕದಿಂದ. ದರ 1.13ಕ್ಕೆ ಏರಿದ್ದರೆ 226 ಬಂದು, ದರದ ಲೆಕ್ಕದಲ್ಲಿ ನಿಮಗೇ 4 ಡಾಲರ್ ಲಾಭವಾಗುತ್ತಿತ್ತು. ಹಾಗಾದಾಗ ಯಾರೂ ಬ್ಯಾಂಕಿಗೆ ದೂರು ಕೊಡುವುದಿಲ್ಲ ಬಿಡಿ! ದರದ ಏರಿಳಿತ ಯಾರ ಕೈಯಲ್ಲೂ ಇಲ್ಲ. ಶುಲ್ಕದ ವಿಷಯ ಹಾಗಲ್ಲ, ಅದು ಬ್ಯಾಂಕಿನ ನಿಯಮ. ಕೆಲವು ಬ್ಯಾಂಕುಗಳು ರೀಫಂಡಿನ ಜೊತೆ ಶುಲ್ಕವನ್ನೂ ಮರಳಿಸುತ್ತವೆ, ಕೆಲವು ಇಟ್ಟುಕೊಳ್ಳುತ್ತವೆ. ಕಾರ್ಡಿನ ಶರತ್ತುಗಳಲ್ಲಿ ಓದಿ ನೋಡಬೇಕಾದ ಸಾಲು ಇದು.

ಬ್ಯಾಂಕು ತಪ್ಪು ಮಾಡಿದೆಯೋ ಇಲ್ಲವೋ ತಿಳಿಯಲು ಶುಲ್ಕ ಬಿಟ್ಟ ಮೊತ್ತವನ್ನು ಯೂರೋ ಮೊತ್ತದಿಂದ ಭಾಗಿಸಿ. 222 ಭಾಗಿಸು 200, ಅಂದರೆ 1.11. ವೀಸಾ, ಮಾಸ್ಟರ್‌ಕಾರ್ಡ್ ಎರಡರ ಜಾಲತಾಣದಲ್ಲೂ ದಿನಾಂಕ ಕೊಟ್ಟು ದರ ನೋಡುವ ಸೌಲಭ್ಯವಿದೆ. ಅಲ್ಲಿ ಪೋಸ್ಟಿಂಗ್ ಡೇಟನ್ನೂ ಅದರ ಹಿಂದಿನ ಒಂದೆರಡು ದಿನಗಳನ್ನೂ ಹಾಕಿ ನೋಡಿ. ಪತ್ರಿಕೆಯಲ್ಲಿ ಬರುವ ಮಾರುಕಟ್ಟೆ ದರಕ್ಕೆ ಹೋಲಿಸಿದರೆ ಸಾಮಾನ್ಯವಾಗಿ ತಾಳೆಯಾಗದು. ಕೆಲವು ಬ್ಯಾಂಕುಗಳು ಶುಲ್ಕವನ್ನು ಬೇರೆ ಸಾಲಿನಲ್ಲಿ ತೋರಿಸದೆ ಮೊತ್ತದೊಳಗೇ ಸೇರಿಸುವುದರಿಂದ, ಸುಮಾರು ಶುಲ್ಕದಷ್ಟೇ ಹೆಚ್ಚು ಕಂಡರೆ ಗಾಬರಿ ಬೇಡ.

ಕೊಂಡ ದಿನವೇ ಮನಸ್ಸು ಬದಲಾದರೆ ರೀಫಂಡ್ ಕೇಳಬೇಡಿ, ‘ವಾಯ್ಡ್’ ಮಾಡಲು ಹೇಳಿ. ಅಂಗಡಿಯವರು ದಿನದ ಲೆಕ್ಕ ಇನ್ನೂ ಕಳಿಸಿರದಿದ್ದರೆ ಮೂಲ ಖರೀದಿಯೇ ರದ್ದಾಗುತ್ತದೆ. ತಡೆಹಿಡಿದ ಹಣ ಬಿಡುಗಡೆಯಾಗುತ್ತದೆ, ದರದ ಪ್ರಶ್ನೆಯೇ ಏಳುವುದಿಲ್ಲ. ಆಮೇಲೆ ಹಿಂದಿರುಗಿಸುವುದಾದರೆ ರೀಫಂಡ್ ಚೀಟಿಯಲ್ಲಿ ಮೂಲ ಬಿಲ್ಲಿನ ಕರೆನ್ಸಿಯೂ ಮೊತ್ತವೂ ಹಾಗೇ ಇವೆಯೇ ನೋಡಿಕೊಳ್ಳಿ. ಕೊಳ್ಳುವಾಗ ಅಂಗಡಿಯ ಯಂತ್ರದಲ್ಲೇ ಡಾಲರಿಗೆ ಬದಲಿಸಿಕೊಂಡು, ರೀಫಂಡ್ ಯೂರೋದಲ್ಲಿ ಬಂದರೆ ಹೋಗುವಾಗ ಅಂಗಡಿಯ ದರ, ಬರುವಾಗ ಜಾಲದ ದರ ಎಂದಾಗಿ ಲೆಕ್ಕ ಕಲಸುಮೇಲೋಗರವಾಗುತ್ತದೆ.

ರೀಫಂಡ್ ಬರುವ ಮೊದಲೇ ಬಿಲ್ ಬಂದರೆ ಸಾಮಾನ್ಯವಾಗಿ ಬಿಲ್ಲಿನ ಪೂರ್ತಿ ಮೊತ್ತವನ್ನೇ ಕಟ್ಟಬೇಕು. ‘ಹೇಗೂ ವಾಪಸ್ ಬರುತ್ತದಲ್ಲ’ ಎಂದು 228.66 ಕಳೆದು ಕಟ್ಟಿದರೆ ಬಡ್ಡಿ ಬೀಳುತ್ತದೆ. ತಡವಾಗಿ ಬಂದ ಜಮೆ ಮುಂದಿನ ಬಿಲ್ಲಿನಲ್ಲಿ ವಜಾ ಆಗುತ್ತದೆ. ವಾರಗಳಾದರೂ ಬರದಿದ್ದರೆ ಅಂಗಡಿಯವರಿಂದ ರೀಫಂಡಿನ ಎಆರ್‌ಎನ್ ಎಂಬ 23 ಅಂಕಿಗಳ ಸಂಖ್ಯೆ ಪಡೆದು ಬ್ಯಾಂಕಿಗೆ ಕೊಡಿ. ಹಣ ಯಾವ ಹಂತದಲ್ಲಿ ನಿಂತಿದೆ ಎಂದು ಅದರ ಜಾಡು ಹಿಡಿದು ಹುಡುಕುತ್ತಾರೆ.