ಏನನ್ನೂ ಕೇಳೆನೆಂದು ಸಹಿ ಹಾಕಿದವನಿಗೆ ಸಿಕ್ಕಿದ್ದೇನು?

1998ರ ಆಗಸ್ಟ್ 1ರಂದು ಜರ್ಮನಿಯ ಡುಸೆಲ್ಡಾರ್ಫ್‌ನಲ್ಲಿ ನೋಟರಿಯ ಮುಂದೆ, ಮದುವೆಯಾಗಲಿದ್ದ ಜೋಡಿಯೊಂದು ಕರಾರಿಗೆ ಸಹಿ ಹಾಕಿತು. ಹುಡುಗಿ ಜರ್ಮನಿಯ ಸಿರಿವಂತ ಮನೆತನದವಳು. ಹುಡುಗ ಫ್ರಾನ್ಸಿನವ, ಕೈತುಂಬ ಸಂಬಳವಿದ್ದ ಬ್ಯಾಂಕ್ ಉದ್ಯೋಗಿ. ಮದುವೆ ಮುರಿದರೆ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಪಾಲಿಲ್ಲ, ಎಷ್ಟೇ ಕಷ್ಟ ಬಂದರೂ ಜೀವನಾಂಶ ಕೇಳುವಂತಿಲ್ಲ ಎಂಬುದು ಕರಾರಿನ ಸಾರ. ಅದು ಬೇಕೇ ಬೇಕೆಂದು ಪಟ್ಟು ಹಿಡಿದಿದ್ದು ಹುಡುಗಿಯ ತಂದೆ.

ಮದುವೆ ಲಂಡನ್ನಿನಲ್ಲಿ ಆಯಿತು, ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 2003ರಲ್ಲಿ ಗಂಡ ಬ್ಯಾಂಕ್ ಬಿಟ್ಟು ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆಗೆ ಸೇರಿದ. 2006ರಲ್ಲಿ ಇಬ್ಬರೂ ಬೇರೆಯಾದರು. ಆಗ ಗಂಡ, ಸಹಿಯನ್ನು ಬದಿಗಿಟ್ಟು, ತನಗೂ ಹಣ ಬೇಕೆಂದು ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋದ.

ಅವನ ಧೈರ್ಯಕ್ಕೆ ಕಾರಣವಿತ್ತು. ಇಂತಹ ಕರಾರುಗಳನ್ನು ಇಂಗ್ಲಿಷ್ ನ್ಯಾಯಾಲಯಗಳು ಬಹಳ ಕಾಲ ಮಾನ್ಯ ಮಾಡಿರಲಿಲ್ಲ. ಮದುವೆಗೆ ಮುಂಚೆಯೇ ಅದು ಮುರಿಯುವ ಲೆಕ್ಕ ಹಾಕುವುದು ಸಮಾಜಹಿತಕ್ಕೆ ವಿರುದ್ಧ ಎಂಬುದು ಹತ್ತೊಂಬತ್ತನೆಯ ಶತಮಾನದ ವಾದ. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣ 1929ರ ಹೈಮನ್ ಪ್ರಕರಣದಲ್ಲಿ ಬಂತು. ಅಲ್ಲಿ ಹೆಂಡತಿ, ಬೇರೆಯಾಗುವಾಗ ಬರೆದ ಪತ್ರದಲ್ಲಿ, ಕೊಟ್ಟದ್ದಕ್ಕಿಂತ ಹೆಚ್ಚು ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಆದರೂ ವಿಚ್ಛೇದನದ ನಂತರ ಜೀವನಾಂಶಕ್ಕೆ ಅರ್ಜಿ ಹಾಕಬಹುದು ಎಂದಿತು ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್. ನ್ಯಾಯಾಲಯದ ಅಧಿಕಾರವನ್ನು ಗಂಡ ಹೆಂಡತಿ ತಮ್ಮೊಳಗೆ ಬರೆದುಕೊಂಡು ಕಿತ್ತುಹಾಕಲಾಗದು ಎಂಬ ಈ ತತ್ವ ಇಂದಿಗೂ ಅಲುಗಿಲ್ಲ. ‘ನ್ಯಾಯಾಲಯಕ್ಕೆ ಹೋಗುವಂತಿಲ್ಲ’ ಎಂಬ ಸಾಲನ್ನು ಎಷ್ಟು ದಪ್ಪಕ್ಷರದಲ್ಲಿ ಬರೆದರೂ ಅದು ಬರಿಯ ಶಾಯಿ.

ನಮ್ಮ ಜೋಡಿಯ ವಿಷಯದಲ್ಲಿ ಮೊದಲ ನ್ಯಾಯಾಧೀಶರು ಗಂಡನಿಗೆ 55 ಲಕ್ಷ ಪೌಂಡಿಗೂ ಹೆಚ್ಚು ಕೊಡಿಸಿದರು. ಕರಾರಿನಲ್ಲಿ ಹುಳುಕಿತ್ತು: ಹೆಂಡತಿ ತನ್ನ ಆಸ್ತಿಯ ವಿವರ ಕೊಟ್ಟಿರಲಿಲ್ಲ, ಗಂಡ ಸ್ವಂತ ವಕೀಲರನ್ನು ಕೇಳಿರಲಿಲ್ಲ, ಜರ್ಮನ್ ಕರಡಿನ ಅನುವಾದವೂ ಅವನ ಕೈಯಲ್ಲಿರಲಿಲ್ಲ. ಮೇಲ್ಮನವಿಯಲ್ಲಿ ಆ ತೀರ್ಪು ತಲೆಕೆಳಗಾಯಿತು. ಹೆಂಡತಿಯ ಮನೆತನದ ಹೆಸರಿನಿಂದ ರಾಡ್‌ಮಾಕರ್ ಪ್ರಕರಣವೆಂದೇ ಹೆಸರಾದ ಇದರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2010ರ ಅಕ್ಟೋಬರ್ 20ರಂದು ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿಯ ಬಹುಮತದಿಂದ ಹೆಂಡತಿಯ ಪರ ನಿಂತಿತು. ಇಬ್ಬರೂ ಸ್ವಂತ ಇಚ್ಛೆಯಿಂದ, ಪರಿಣಾಮವನ್ನು ಪೂರ್ತಿ ಅರಿತು ಒಪ್ಪಿದ್ದರೆ ಆ ಒಪ್ಪಂದವನ್ನು ನಡೆಸಬೇಕು; ಈಗಿನ ಪರಿಸ್ಥಿತಿಯಲ್ಲಿ ಅದಕ್ಕೆ ಕಟ್ಟಿಹಾಕುವುದು ಅನ್ಯಾಯವಾದರೆ ಮಾತ್ರ ಬಿಡಬೇಕು. ವಕೀಲರ ಸಲಹೆ, ಆಸ್ತಿ ವಿವರ ಇವು ಇರುವುದು ಒಳ್ಳೆಯದು, ಆದರೆ ಅವಿಲ್ಲ ಎಂದ ಮಾತ್ರಕ್ಕೆ ಕರಾರು ಬೀಳದು. ಈ ಗಂಡನಿಗೆ ವ್ಯವಹಾರ ತಿಳಿದಿತ್ತು, ಹೆಂಡತಿ ಸಿರಿವಂತಳೆಂದೂ ಗೊತ್ತಿತ್ತು, ಕೇಳಬಹುದಾಗಿದ್ದ ಸಲಹೆಯನ್ನು ಅವನೇ ಕೇಳಲಿಲ್ಲ. ಬೆದರಿಕೆಯೋ ವಂಚನೆಯೋ ಇದ್ದಿದ್ದರೆ ಮಾತು ಬೇರೆ.

ಹಾಗಿದ್ದರೂ ಅವನು ಬರಿಗೈಯಲ್ಲಿ ಹೋಗಲಿಲ್ಲ. ಇಡೀ ಪ್ರಕರಣದ ಸ್ವಾರಸ್ಯ ಇಲ್ಲಿದೆ. ಮೇಲ್ಮನವಿ ನ್ಯಾಯಾಲಯ ವಿಧಿಸಿದಂತೆ 25 ಲಕ್ಷ ಪೌಂಡ್ ಮನೆಗೆಂದು ಒದಗಬೇಕಿತ್ತು. ಆದರೆ ಅದು ಅವನ ಸ್ವತ್ತಲ್ಲ. ಹೆಣ್ಣುಮಕ್ಕಳು ಬಂದುಹೋಗುವ ಅಪ್ಪನ ಮನೆಯಾಗಿ ಇರಲಿ ಎಂದು ಕೊಟ್ಟದ್ದು, ಕಿರಿಯವಳಿಗೆ 22 ತುಂಬಿದ ಮೇಲೆ ಹೆಂಡತಿಗೆ ಮರಳಬೇಕಾದದ್ದು. ಗಂಡನಾಗಿ ಅವನು ಬಿಟ್ಟುಕೊಟ್ಟ ಹಕ್ಕು ಮುಗಿಯಿತು, ತಂದೆಯಾಗಿ ಅವನಿಗೆ ಬೇಕಾದದ್ದು ಕರಾರಿಗೆ ಸಿಕ್ಕಲಿಲ್ಲ. ಮಕ್ಕಳು ಕರಾರಿಗೆ ಸಹಿ ಹಾಕಿರುವುದಿಲ್ಲವಲ್ಲ! ಅವರ ಪೋಷಣೆ, ಯಾರ ಬಳಿ ಇರಬೇಕು ಎಂಬುದನ್ನೆಲ್ಲ ನ್ಯಾಯಾಲಯ ಆ ಹೊತ್ತಿನ ಅವರ ಹಿತ ನೋಡಿ ತೀರ್ಮಾನಿಸುತ್ತದೆ.

ಇದರಿಂದ ಕರಾರಿನ ಯಾವ ಭಾಗ ಗಟ್ಟಿ ಎಂಬುದೂ ತಿಳಿಯುತ್ತದೆ. ಮದುವೆಗೆ ಮುಂಚಿನ ಆಸ್ತಿ, ಪಿತ್ರಾರ್ಜಿತ, ಇವನ್ನು ಹಂಚುವುದಿಲ್ಲ ಎಂಬ ಷರತ್ತು ನಿಲ್ಲುವ ಸಾಧ್ಯತೆ ಹೆಚ್ಚು. ಒಬ್ಬರನ್ನು ನಿಜವಾದ ಸಂಕಟದಲ್ಲಿ ತಳ್ಳಿ ಇನ್ನೊಬ್ಬರನ್ನು ಸುಖವಾಗಿಡುವ ಷರತ್ತು ಬೀಳುವ ಸಾಧ್ಯತೆ ಹೆಚ್ಚು. ಮನೆ ನೋಡಿಕೊಂಡು ದುಡಿಮೆ ಬಿಟ್ಟವರಿಗೆ ಏನೂ ಇಲ್ಲವೆಂದರೆ ಅದೂ ಅನ್ಯಾಯವೇ. ಈ ಗಂಡನ ವಾದ ಇಲ್ಲೇ ಸೋತಿತು: ಅವನು ದುಡಿಯಬಲ್ಲವ, ಬ್ಯಾಂಕ್ ಬಿಟ್ಟದ್ದು ಸ್ವಂತ ಆಸೆಗೆ.

ಒಂಬತ್ತನೆಯವರು, ಪೀಠದ ಏಕೈಕ ಮಹಿಳೆ ಲೇಡಿ ಹೇಲ್, ಒಪ್ಪಲಿಲ್ಲ. ಇಂತಹ ಕರಾರುಗಳ ಉದ್ದೇಶವೇ ಆರ್ಥಿಕವಾಗಿ ದುರ್ಬಲರಾದವರಿಗೆ ಸಿಗಬೇಕಾದದ್ದನ್ನು ತಪ್ಪಿಸುವುದು, ಆ ದುರ್ಬಲರು ಸಾಮಾನ್ಯವಾಗಿ ಹೆಂಗಸರು ಎಂಬುದು ಅವರ ಚಿಂತೆ. ಈ ಪ್ರಕರಣದಲ್ಲಿ ಮಾತ್ರ ಸೋತವನು ಗಂಡಸು ಎಂಬುದು ವಿಪರ್ಯಾಸ. 2014ರಲ್ಲಿ ಅಲ್ಲಿನ ಕಾನೂನು ಆಯೋಗ ಒಂದು ದಾರಿ ತೋರಿಸಿತು: ಇಬ್ಬರಿಗೂ ವಕೀಲರಿರಬೇಕು, ಆಸ್ತಿ ವಿವರ ಹೊರಬರಬೇಕು, ಮದುವೆಗೆ ಕನಿಷ್ಠ 28 ದಿನ ಮುಂಚೆ ಸಹಿಯಾಗಿರಬೇಕು, ಹೀಗೆ ಆದ ಒಪ್ಪಂದ ಇಬ್ಬರನ್ನೂ ಬಂಧಿಸಲಿ, ಆದರೆ ಮೂಲ ಅಗತ್ಯಗಳನ್ನು ಮಾತ್ರ ಅದು ಮುಟ್ಟದಿರಲಿ. ಹತ್ತು ವರ್ಷ ಕಳೆದರೂ ಅದು ಕಾನೂನಾಗಲಿಲ್ಲ. ಆದರೂ ಜಾಣ ವಕೀಲರು ಆ 28 ದಿನಗಳನ್ನು ಎಣಿಸುತ್ತಾರೆ.