ಹಂಪಲ್ಲಿ ಸುಮ್ನಿದ್ದು ಗುಂಡಿಲಿ ಕಟಕಟ ಅನ್ನೋ ರಾಡು

ನಮ್ಮ ಕಾರಲ್ಲಿ ಒಂದು ಸೌಂಡ್ ಶುರುವಾಗಿತ್ತು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಲಿ ಹೋಗ್ಬೇಕಾದ್ರೆ ಏನೂ ಇಲ್ಲ, ಸರ್ವಿಸ್ ರೋಡಿಗೆ ಇಳಿದು ನಿಧಾನಕ್ಕೆ ಹೋದ್ರೆ ಮುಂದ್ಗಡೆ ಎಡಗಾಲ ಕೆಳಗೆ ಕಟ್ ಕಟ್ ಅಂತ. ವಿಚಿತ್ರ ಏನಂದ್ರೆ ದೊಡ್ಡ ಹಂಪ್ ನೇರ ಹತ್ತಿಸಿದ್ರೆ ಸೌಂಡೇ ಇಲ್ಲ, ಒಂದೇ ಚಕ್ರ ಸಣ್ಣ ಗುಂಡಿಗೆ ಇಳಿದ್ರೆ ಮಾತ್ರ ಬರ್ತಿತ್ತು. ಒಂದು ಗ್ಯಾರೇಜಲ್ಲಿ ಎಡ ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ ಎಲ್ಲಾ ಅಲ್ಲಾಡ್ಸಿ ನೋಡಿ, ಶಾಕ್ ಅಬ್ಸಾರ್ಬರ್ ಹೋಗೈತೆ ಅಂತ ಎರಡೂ ಬದಲಾಯಿಸಿದ್ರು. ದುಡ್ಡು ಹೋಯ್ತು, ಸೌಂಡ್ ಹೋಗ್ಲಿಲ್ಲ.

ಆಮೇಲೆ ನಮ್ಮ ಏರಿಯಾದಲ್ಲೇ ಇರೋ ಇನ್ನೊಬ್ರು ಮೆಕ್ಯಾನಿಕ್ ಹತ್ರ ಹೋದೆ. ವಯಸ್ಸಾದವ್ರು, ನಾವೆಲ್ಲ ಚಾಚಾ ಅಂತೀವಿ. ಅವ್ರು ನಾನು ಹೇಳಿದ್ದನ್ನ ಪೂರ್ತಿ ಕೇಳಿಸಿಕೊಂಡು, "ಹಂಪಲ್ಲಿ ಬರಲ್ಲ, ಗುಂಡೀಲಿ ಬರುತ್ತೆ ಅಂದ್ರಲ್ಲ, ಹಂಗಾದ್ರೆ ಸ್ಟೆಬಿಲೈಸರ್ ಲಿಂಕ್ ನೋಡ್ಬೇಕ್ರಿ" ಅಂದ್ರು, ಇನ್ನೂ ಕಾರ್ ಮುಟ್ಟೇ ಇರ್ಲಿಲ್ಲ! ಅದ್ಹೆಂಗೆ ಗೊತ್ತಾಯ್ತು ಅಂತ ಕೇಳಿದ್ದಕ್ಕೆ, ಮೂಲೇಲಿ ಬಿದ್ದಿದ್ದ ಹಳೇ ರಾಡ್ ಒಂದನ್ನ ತಂದು ನನ್ನ ಕೈಗೇ ಕೊಟ್ರು.

ಆಂಟಿ-ರೋಲ್ ಬಾರ್ ಅಂದ್ರೆ ಅದೇ, ಗ್ಯಾರೇಜಲ್ಲಿ ಸ್ಟೆಬಿಲೈಸರ್ ರಾಡ್ ಅಂತಾರೆ. ಸ್ಟೇಪ್ಲರ್ ಪಿನ್ನನ್ನ ಕಾರಿನ ಅಗಲಕ್ಕೆ ದೊಡ್ಡದು ಮಾಡಿದ್ರೆ ಹೆಂಗಿರುತ್ತೋ ಹಂಗೆ, ಹೆಬ್ಬೆರಳು ದಪ್ಪದ ಸ್ಪ್ರಿಂಗ್ ಸ್ಟೀಲ್. ಮಧ್ಯದ ಉದ್ದ ಭಾಗ ಎರಡು ರಬ್ಬರ್ ಬುಷ್ ಒಳಗೆ ಕೂತು ಕಾರಿನ ಬಾಡಿ ಕಡೆಗೆ ಕ್ಲಾಂಪ್ ಆಗಿರುತ್ತೆ. ಎರಡು ತುದಿಯ ತೋಳುಗಳು ಒಂದೊಂದು ಸಣ್ಣ ಲಿಂಕ್ ಮೂಲಕ ಎಡ ಮತ್ತೆ ಬಲ ಚಕ್ರದ ಸಸ್ಪೆನ್ಶನ್ನಿಗೆ ಸೇರ್ಕೊಂಡಿರ್ತವೆ. ಚಾಚಾ ಅದನ್ನ ಎರಡು ಸ್ಟ್ಯಾಂಡ್ ಮೇಲೆ ಇಟ್ಟು ಎರಡೂ ತೋಳು ಒಟ್ಟಿಗೆ ಎತ್ತಿ ಅಂದ್ರು, ಎತ್ತಿದೆ, ರಾಡ್ ಕೂತಲ್ಲೇ ಸಲೀಸಾಗಿ ಹೊರಳ್ತು. ಈಗ ಒಂದು ಮೇಲೆ ಒಂದು ಕೆಳಗೆ ಮಾಡಿ ಅಂದ್ರು. ಎಷ್ಟು ಒತ್ತಿದ್ರೂ ಒಂಚೂರಷ್ಟೇ ಜಗ್ತು. ಯಾಕಂದ್ರೆ ಹಂಗೆ ಮಾಡ್ಬೇಕಾದ್ರೆ ಒದ್ದೆ ಟವೆಲ್ ಹಿಂಡೋ ತರ ಇಡೀ ರಾಡನ್ನೇ ತಿರುಚಬೇಕು.

ಇಡೀ ಗುಟ್ಟು ಇಷ್ಟೇ ನೋಡ್ರಿ. ಹಂಪ್ ಹತ್ತಿದಾಗ ಎರಡೂ ಚಕ್ರ ಒಟ್ಟಿಗೆ ಏಳ್ತವೆ, ರಾಡ್ ಬುಷ್ ಒಳಗೆ ಹೊರಳುತ್ತೆ ಅಷ್ಟೇ, ಬೇರೆ ಕೆಲಸ ಇಲ್ಲ. ಬಲಕ್ಕೆ ಜೋರಾಗಿ ತಿರುಗಿಸಿದ್ರೆ ಬಾಡಿ ಎಡಕ್ಕೆ ವಾಲುತ್ತೆ, ಎಡಗಡೆ ಸ್ಪ್ರಿಂಗ್ ಅದುಮಿಕೊಳ್ಳುತ್ತೆ ಬಲಗಡೆದು ಹಿಗ್ಗುತ್ತೆ, ಅಂದ್ರೆ ರಾಡಿನ ಒಂದು ತೋಳು ಮೇಲೆ ಇನ್ನೊಂದು ಕೆಳಗೆ. ಎರಡು ತುದಿಗೂ 5 ಸೆಂ.ಮೀ. ವ್ಯತ್ಯಾಸ ಬಂತು, ತೋಳು 25 ಸೆಂ.ಮೀ. ಉದ್ದ ಐತೆ ಅಂದ್ಕೊಳ್ಳಿ, ರಾಡ್ ಹೆಚ್ಚುಕಡಿಮೆ 11 ಡಿಗ್ರಿ ತಿರುಚ್ಕೊಳ್ಳುತ್ತೆ. ತಿರುಚಿದ ಸ್ಟೀಲ್ ಸುಮ್ನಿರುತ್ತಾ, ವಾಪಸ್ ನೆಟ್ಟಗಾಗೋಕೆ ನೋಡುತ್ತೆ, ಆಗ ಎಡಗಡೆ ಬಾಡಿನ ಮೇಲಕ್ಕೆ ನೂಕುತ್ತೆ, ಬಲಗಡೆ ಬಾಡಿನ ಕೆಳಕ್ಕೆ ಎಳೆಯುತ್ತೆ. ವಾಲೋದು ಕಮ್ಮಿ ಆಗುತ್ತೆ. ಇದೇ ಕೆಲಸನ ಸ್ಪ್ರಿಂಗ್ ಗಟ್ಟಿ ಮಾಡಿನೂ ಮಾಡ್ಬಹುದಿತ್ತು, ಆದ್ರೆ ಆಗ ಪ್ರತಿ ಹಂಪಲ್ಲೂ ಹಿಂದೆ ಕೂತ ಅಮ್ಮನ ಸೊಂಟ ಹಿಡ್ಕೊಳ್ತಿತ್ತು. ರಾಡ್ ಹಾಕಿದ್ರೆ ನೇರ ಹೋಗೋವಾಗ ಮೆತ್ತಗೆ, ತಿರುವಲ್ಲಿ ಗಟ್ಟಿ.

ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಳ್ಳೋ ವಿಷಯ ಒಂದೈತೆ. ವಾಲೋದು ಕಮ್ಮಿ ಆಯ್ತು ಅಂದ್ರೆ ಹೊರಗಿನ ಚಕ್ರದ ಮೇಲೆ ಬೀಳೋ ಭಾರನೂ ಕಮ್ಮಿ ಆಯ್ತು ಅಂತ ಅನ್ಕೊಳ್ತಾರೆ. ಆಗಲ್ಲ. 1000 ಕೆಜಿ ಕಾರು, ಅದರ ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಎಡಬಲ ಚಕ್ರಗಳ ನಡುವೆ 1.5 ಮೀಟರ್ ಅಂತ ಇಟ್ಕೊಳ್ಳಿ. 50 ಮೀಟರ್ ತ್ರಿಜ್ಯದ ತಿರುವನ್ನ ಗಂಟೆಗೆ 50 ಕಿ.ಮೀ. ವೇಗದಲ್ಲಿ ತಗೊಂಡ್ರೆ ಕಾರನ್ನ ಪಕ್ಕಕ್ಕೆ ತಳ್ಳಿದಂಗೆ ಅನಿಸೋ ಬಲ ಅದರ ತೂಕದ ಸುಮಾರು 0.4 ರಷ್ಟು. ಅದನ್ನ ಎತ್ತರದಿಂದ ಗುಣಿಸಿ ಅಗಲದಿಂದ ಭಾಗಿಸಿದ್ರೆ ಸುಮಾರು 130 ಕೆಜಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಹೋಗುತ್ತೆ, ಒಂದೊಂದು ಕಡೆ 500 ಇದ್ದಿದ್ದು ಹೊರಗೆ 630, ಒಳಗೆ 370 ಆಗುತ್ತೆ. ಈ ಲೆಕ್ಕದಲ್ಲಿ ರಾಡಿನ ಹೆಸರೇ ಇಲ್ಲ ನೋಡಿ, ಸ್ಪ್ರಿಂಗಿಂದೂ ಇಲ್ಲ.

ಹಂಗಾದ್ರೆ ರಾಡ್ ಏನು ಬದಲಾಯಿಸುತ್ತೆ? ಆ 130 ಕೆಜೀಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಅನ್ನೋದನ್ನ. ಮುಂದೆ ದಪ್ಪ ರಾಡ್ ಹಾಕಿದ್ರೆ ಮುಂದಿನ ಜೋಡಿ ಜಾಸ್ತಿ ಪಾಲು ಹೊರುತ್ತೆ. ಟೈರ್ ಮೇಲೆ ಭಾರ ಎರಡರಷ್ಟಾದ್ರೆ ಹಿಡಿತ ಎರಡರಷ್ಟಾಗಲ್ಲ, ಅದಕ್ಕಿಂತ ಕಮ್ಮಿ ಆಗುತ್ತೆ, ಹಂಗಾಗಿ ಮುಂದಿನ ಎರಡೂ ಟೈರಿನ ಒಟ್ಟು ಹಿಡಿತ ಸ್ವಲ್ಪ ಕುಗ್ಗಿ ಮಿತಿ ಮೀರಿದಾಗ ಕಾರಿನ ಮೂತಿ ತಿರುವಿನ ಹೊರಗಡೆಗೆ ಜಾರುತ್ತೆ. ಅದು ಒಳ್ಳೇದಾ ಅಂದ್ರೆ ಹಿಂಬದಿ ಜಾರೋದಕ್ಕಿಂತ ಒಳ್ಳೇದು, ಸಾಮಾನ್ಯ ಡ್ರೈವರ್ ಹೆದರಿ ಆಕ್ಸಿಲರೇಟರ್ ಬಿಟ್ರೆ ಮುಂದೆ ಭಾರ ಬಂದು ಮೂತಿ ಮತ್ತೆ ಹಿಡಿತಕ್ಕೆ ಬರುತ್ತೆ. ಹಿಂದೆ ದಪ್ಪ ರಾಡ್ ಹಾಕಿಸ್ಕೊಂಡು ಮಳೇಲಿ ಹಂಗೇ ಆಕ್ಸಿಲರೇಟರ್ ಬಿಟ್ರೆ ಕಾರು ಹಿಂದುಮುಂದಾಗೋ ಸಾಧ್ಯತೆ ಐತೆ. ರಾಡ್ ಒಂಚೂರು ದಪ್ಪ ಆದ್ರೆ ಏನಾಗುತ್ತೆ ಅಂತ ಅನ್ಕೋಬೇಡಿ, ಗಟ್ಟಿತನ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತೆ, 20 ಮಿ.ಮೀ. ಇದ್ದಿದ್ದು 22 ಆದ್ರೆ ಎರಡೇ ಮಿ.ಮೀ.ಗೆ ಶೇ. 46 ಜಾಸ್ತಿ! ಗಟ್ಟಿ ರಾಡಿಗೆ ಇನ್ನೊಂದು ತೊಂದ್ರೆನೂ ಐತೆ, ಒಂದು ಚಕ್ರ ಗುಂಡಿಗೆ ಬಿದ್ರೆ ಅದರ ಏಟು ಇನ್ನೊಂದು ಕಡೆಗೂ ದಾಟುತ್ತೆ, ಕೆಟ್ಟ ರೋಡಲ್ಲಿ ಕಾರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಅಲ್ಲಾಡ್ಸುತ್ತೆ.

ನಮ್ಮ ಸೌಂಡಿಗೆ ಬರ್ತೀನಿ. ಲಿಂಕಿನ ಎರಡೂ ತುದೀಲಿ ಒಂದೊಂದು ಪುಟ್ಟ ಬಾಲ್ ಜಾಯಿಂಟ್ ಇರುತ್ತೆ, ಮೇಲೆ ರಬ್ಬರ್ ಟೋಪಿ. ನಂದರಲ್ಲಿ ಟೋಪಿ ಹರಿದು ಧೂಳು ನೀರು ಒಳಗೆ ಹೋಗಿ ಗುಂಡು ಸವೆದು ಸಡಿಲ ಆಗಿತ್ತು. ಒಂದೇ ಚಕ್ರ ಎದ್ದು ಬಿದ್ದಾಗ ರಾಡಿನ ಬಲ ಲಿಂಕಲ್ಲಿ ಎಳೆತದಿಂದ ಒತ್ತಡಕ್ಕೆ ಬದಲಾಗುತ್ತೆ, ಆ ಸಡಿಲದಲ್ಲಿ ಗುಂಡು ಆಕಡೆ ಈಕಡೆ ಬಡಿಯುತ್ತೆ, ಅದೇ ಕಟ್ ಕಟ್. ಹಂಪಲ್ಲಿ ಲಿಂಕಿಗೆ ಬಲನೇ ಬೀಳಲ್ಲ ಅನ್ನಬಹುದು, ಅದಕ್ಕೆ ಸೌಂಡ್ ಇಲ್ಲ.

ಮತ್ತೆ ಆ ಮೊದಲನೇ ಗ್ಯಾರೇಜಲ್ಲಿ ಯಾಕೆ ಸಿಗ್ಲಿಲ್ಲ? ಅವ್ರು ಒಂದೇ ಚಕ್ರ ಎತ್ತಿದ್ರಲ್ಲ, ಎತ್ತಿದ ಚಕ್ರ ಕೆಳಗೆ ಜೋತು ಬಿತ್ತು, ಇನ್ನೊಂದು ನೆಲದ ಮೇಲೇ ಇತ್ತು, ರಾಡ್ ಪೂರ್ತಿ ತಿರುಚ್ಕೊಂಡು ಲಿಂಕನ್ನ ಬಿಗಿಯಾಗಿ ಎಳೆದು ಹಿಡಿದಿತ್ತು. ಬಿಗಿ ಇದ್ದ ಲಿಂಕನ್ನ ಎಷ್ಟು ಅಲ್ಲಾಡ್ಸಿದ್ರೂ ಸಡಿಲ ಎಲ್ಲಿ ಗೊತ್ತಾಗುತ್ತೆ? ಚಾಚಾ ಕಾರನ್ನ ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಗ್ಯಾರೇಜಿನ ಗುಂಡಿಗೆ ಇಳಿದು ಕೆಳಗಿಂದ ಲಿಂಕ್ ಹಿಡಿದು ಅಲ್ಲಾಡ್ಸಿದ್ರು, ಕೈಯಲ್ಲೇ ಕಟಕಟ ಅಂತು. ಬಿಚ್ಚೋವಾಗ ಮಾತ್ರ ಮುಂದಿನ ಎರಡೂ ಚಕ್ರ ಸಮ ಎತ್ತಿದ್ರು, ಇಲ್ಲಾಂದ್ರೆ ನಟ್ ಬಿಟ್ಟ ತಕ್ಷಣ ರಾಡ್ ಚಿಮ್ಮಿ ಕೈಗೆ ಬಡಿಯುತ್ತೆ ಅಂತ. ನಟ್ ಜೊತೆ ಗುಂಡಿನ ಬೋಲ್ಟೂ ತಿರುಗ್ತಿತ್ತು, ಅದರ ತುದೀಲಿರೋ ಆರು ಮೂಲೆ ತೂತಿಗೆ ಅಲೆನ್ ಕೀ ಕೊಟ್ಟು ಹಿಡ್ಕೊಂಡು ಸ್ಪ್ಯಾನರಲ್ಲಿ ಬಿಚ್ಚಿದ್ರು. ಬಲಗಡೆದೂ ಅಷ್ಟೇ ವಯಸ್ಸಾಗಿರುತ್ತೆ ಅಂತ ಎರಡೂ ಹೊಸದು ಹಾಕಿಸ್ದೆ.

ಬರ್ತಾ ಅದೇ ಸರ್ವಿಸ್ ರೋಡಲ್ಲಿ ಎಡ ಚಕ್ರನ ಬೇಕಂತಲೇ ಗುಂಡಿಗೆ ಇಳಿಸಿ ಕಿವಿ ಕೊಟ್ಟು ಕೇಳ್ದೆ. ಟೈರಿನ ಧಡ್ ಒಂದೇ ಕೇಳಿಸ್ತು.